ಮುದ್ದೆ, ಅನ್ನ, ಸಂಜೆಯ ಬೋಂಡಾ: ಹೊರಗೆ ಉಣ್ಣುವವರ ತೂಕದ ಲೆಕ್ಕ

ದಿನವೊಂದರಲ್ಲಿ ದೇಹ ಖರ್ಚು ಮಾಡುವ ಶಕ್ತಿಗಿಂತ ಆಹಾರದಿಂದ ಸಿಗುವ ಶಕ್ತಿ ಕಡಿಮೆಯಾದಾಗ, ಉಳಿದದ್ದನ್ನು ಅದು ತನ್ನೊಳಗೆ ಕೂಡಿಟ್ಟ ಕೊಬ್ಬಿನಿಂದ ತುಂಬಿಸಿಕೊಳ್ಳುತ್ತದೆ. ಈ ಅಂತರಕ್ಕೆ ಕ್ಯಾಲೊರಿ ಕೊರತೆ ಎಂದು ಹೆಸರು. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಗಳ ಕೊರತೆ ಬೇಕೆಂಬುದು ಸಾಮಾನ್ಯ ಲೆಕ್ಕವಾದ್ದರಿಂದ, ದಿನಕ್ಕೆ 400 ಕ್ಯಾಲೊರಿ ಕಡಿಮೆ ಮಾಡಿಕೊಂಡವರ ತೂಕ ತಿಂಗಳಿಗೆ ಹೆಚ್ಚೆಂದರೆ ಒಂದೂವರೆ ಕಿಲೋದಷ್ಟು ಇಳಿದೀತು. ಮನೆಯಲ್ಲಿ ಉಣ್ಣುವವರಿಗೆ ಅಕ್ಕಿಯನ್ನೂ ಎಣ್ಣೆಯನ್ನೂ ಅಳೆದು ಹಾಕುವ ಅವಕಾಶವಿದೆ. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಚೇರಿಗಳಿಗೆ ಬೆಳಿಗ್ಗೆಯೇ ಬಸ್ಸು ಹತ್ತುವವರಿಗೆ ಆ ಅವಕಾಶವಿಲ್ಲ. ಅವರ ತಟ್ಟೆಯ ಅಳತೆ ಬಡಿಸುವವರ ಸೌಟಿನಲ್ಲಿದೆ. ಇಂಥವರು ಕಣ್ಣಳತೆಯನ್ನು ನೆಚ್ಚಿಕೊಳ್ಳಬೇಕಾಗುತ್ತದೆ, ಆ ಅಳತೆಯನ್ನು ಕಲಿಯಲು ಮಧ್ಯಾಹ್ನದ ಕ್ಯಾಂಟೀನ್ ಊಟಕ್ಕಿಂತ ತಕ್ಕ ಜಾಗ ಬೇರೊಂದಿಲ್ಲ.

ತೂಕ ಇಳಿಸಲು ಹೊರಟವರು ಮೊದಲು ಬಿಡುವುದು ಮುದ್ದೆಯನ್ನು, ಆದರೆ ಅದು ತಪ್ಪು ಆಯ್ಕೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದ್ದರೂ, ಹಿಟ್ಟಿನ ಎರಡರಷ್ಟಕ್ಕೂ ಹೆಚ್ಚು ನೀರು ಸೇರಿ ಮುದ್ದೆಯಾಗುವುದರಿಂದ, ಅಷ್ಟು ಹಿಟ್ಟಿನಿಂದ ಮುನ್ನೂರು ಗ್ರಾಂ ತೂಗುವ, ಹೊಟ್ಟೆ ತುಂಬಿಸುವ ದೊಡ್ಡ ಮುದ್ದೆಯೇ ಸಿಗುತ್ತದೆ. ಅದಕ್ಕೆ ಎಣ್ಣೆ ಬೇಕಿಲ್ಲ, ಜೊತೆಗೆ ರಾಗಿಯ ನಾರಿನಂಶವೂ ಉಂಟು. ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಮುದ್ದೆಯನ್ನು 250ರಿಂದ 300 ಕ್ಯಾಲೊರಿ ಎಂದಿಟ್ಟುಕೊಂಡರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ತಪ್ಪುವುದು ಮುದ್ದೆ ಮುಗಿದ ಮೇಲೆ. ಮುದ್ದೆಯ ಊಟದಲ್ಲಿ ಅನ್ನವೂ ಇರಲೇಬೇಕೆಂಬುದು ಇಲ್ಲಿನ ರೂಢಿಯಾಗಿದ್ದು, ಅನ್ನವನ್ನು ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ ಹಾಕಿಸಿಕೊಳ್ಳುವುದರಿಂದ, ಮುದ್ದೆಗಿಂತ ಹೆಚ್ಚಿನ ಶಕ್ತಿ ಲೆಕ್ಕಕ್ಕೆ ಸಿಗದೆಯೇ ಒಳಗೆ ಹೋಗುತ್ತದೆ.

ಕ್ಯಾಂಟೀನಿನ ಒಂದು ಸಾಧಾರಣ ತಟ್ಟೆಯನ್ನು ಬಿಡಿಸಿ ನೋಡಬಹುದು. ಒಂದು ಮುದ್ದೆ 300, ಮೊದಲ ಸಲದ ಅನ್ನ ಇನ್ನೂರು ಗ್ರಾಮಿನಷ್ಟಾದರೆ 260, ಕಾಳಿನ ಸಾರು 120, ಪಲ್ಯ 80, ಕರಿದ ಹಪ್ಪಳ 60, ನೀರು ಮಜ್ಜಿಗೆ 30 ಎಂದು ಹಿಡಿದರೆ ಒಟ್ಟು 850 ಕ್ಯಾಲೊರಿ. ಮಜ್ಜಿಗೆಗೆಂದು ಅಷ್ಟೇ ಅನ್ನ ಮತ್ತೆ ಬಿದ್ದರೆ 1,110. ಈಗ ಅದೇ ತಟ್ಟೆಯಲ್ಲಿ ಮುದ್ದೆಯನ್ನು ಹಾಗೇ ಉಳಿಸಿಕೊಂಡು, ‘ಅಣ್ಣಾ, ಅನ್ನ ಅರ್ಧ ಹಾಕಿ, ಸಾರಿನಲ್ಲಿ ಕಾಳು ನೋಡಿ ಬಡಿಸಿ’ ಎಂದು ಮೊದಲೇ ಹೇಳಿ, ಹಪ್ಪಳವನ್ನು ಬಿಟ್ಟು, ಮಜ್ಜಿಗೆಯನ್ನು ಲೋಟದಲ್ಲಿ ಕುಡಿದರೆ, ಕಾಳು ಹೆಚ್ಚಿದ್ದಕ್ಕೆ 40 ಸೇರಿಸಿದರೂ ಮೊತ್ತ 700ಕ್ಕೆ ನಿಲ್ಲುತ್ತದೆ. 1,110ಕ್ಕೂ 700ಕ್ಕೂ ನಡುವಿನ ಅಂತರವೇ ದಿನಕ್ಕೆ ಬೇಕಾದ 400 ಕ್ಯಾಲೊರಿ ಕೊರತೆಯನ್ನು ಒದಗಿಸುತ್ತದೆ. ಉಳಿದ ಎರಡು ಹೊತ್ತಿನಲ್ಲಿ ಹಸಿದಿರಬೇಕಾದ ಅಗತ್ಯವೇ ಬರುವುದಿಲ್ಲ. ಕಾಳನ್ನು ಕೇಳಿ ಹಾಕಿಸಿಕೊಳ್ಳುವುದಕ್ಕೂ ಕಾರಣವಿದೆ. ಹುರುಳಿ, ಅಲಸಂದೆ, ಅವರೆಯಲ್ಲಿರುವ ಪ್ರೋಟೀನ್, ಅಂದರೆ ಮಾಂಸಖಂಡವನ್ನು ಕಟ್ಟುವ ಪೋಷಕಾಂಶ, ಹಸಿವನ್ನು ಹೆಚ್ಚು ಹೊತ್ತು ತಡೆಯುವುದಲ್ಲದೆ, ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುವುದನ್ನು ಕಡಿಮೆ ಮಾಡುತ್ತದೆ. ಕಾಳು ತಳದಲ್ಲಿ ಕೂತು ತಿಳಿ ಮಾತ್ರ ತಟ್ಟೆಗೆ ಬಂದರೆ ಈ ಲಾಭ ಸಿಗದು.

ಕಣ್ಣಿಗೆ ಕಾಣದೆ ಸೇರುವುದು ಎಣ್ಣೆ. ಹಿಟ್ಟಿನ ಅಂಶವೂ ಪ್ರೋಟೀನೂ ಗ್ರಾಮಿಗೆ ನಾಲ್ಕು ಕ್ಯಾಲೊರಿ ಕೊಟ್ಟರೆ ಎಣ್ಣೆ ಒಂಬತ್ತು ಕೊಡುತ್ತದೆ, ಹೀಗಾಗಿ ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ಬಸ್ಸಾರಿಗೂ ಉಪ್ಸಾರಿಗೂ ಒಗ್ಗರಣೆಯಷ್ಟೇ ಸಾಕಾಗುವುದರಿಂದ ಈ ಸೀಮೆಯ ಊಟ ಮೂಲತಃ ಎಣ್ಣೆ ಕಡಿಮೆ ಇರುವ ಊಟವೆಂಬುದನ್ನು ಒತ್ತಿ ಹೇಳಬೇಕು. ನಾಟಿಕೋಳಿ ಸಾರಿನ ಬಟ್ಟಲನ್ನು ಎರಡು ನಿಮಿಷ ಅಲುಗಾಡಿಸದೆ ಇಟ್ಟರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಚಮಚದಿಂದ ಸರಿಸಿ, ತುಂಡನ್ನೂ ಅಡಿಯ ಸಾರನ್ನೂ ತೆಗೆದುಕೊಳ್ಳಬಹುದು. ಬಿರಿಯಾನಿಯಲ್ಲಿ ಹಾಗೆ ಬೇರ್ಪಡಿಸಲಾಗದು, ಏಕೆಂದರೆ ಅಲ್ಲಿ ಎಣ್ಣೆಯನ್ನು ಅನ್ನವೇ ಹೀರಿರುತ್ತದೆ. ಅರ್ಧ ಪ್ಲೇಟು ತರಿಸಿ ಜೊತೆಗೆ ಬೇಯಿಸಿದ ಮೊಟ್ಟೆ ತಿನ್ನುವುದೊಂದೇ ದಾರಿ.

ಬೆಳಗಿನ ತಿಂಡಿಗೆ ಬಿಡದಿಯ ತಟ್ಟೆ ಇಡ್ಲಿ ಒಳ್ಳೆಯದೇ. ಹಬೆಯಲ್ಲಿ ಬೆಂದ ಒಂದು ಇಡ್ಲಿ ಸುಮಾರು 160 ಕ್ಯಾಲೊರಿಯಷ್ಟಾದರೆ, ಅದರ ಅರ್ಧ ತೂಕವೂ ಇಲ್ಲದ ಒಂದು ಉದ್ದಿನ ವಡೆಯೂ ಕರಿದ ಎಣ್ಣೆಯಿಂದಾಗಿ ಬಹುತೇಕ ಅಷ್ಟನ್ನೇ ಕೊಡುತ್ತದೆ. ಇಡ್ಲಿಯ ಮೇಲೆ ಕರಗುವ ಒಂದು ದೊಡ್ಡ ಚಮಚ ಬೆಣ್ಣೆಗೆ ಇನ್ನೂ ನೂರು. ಬೆಣ್ಣೆ ಬೇಡವೆಂದು ತಟ್ಟೆ ಬರುವ ಮೊದಲೇ ಹೇಳಬೇಕು, ಇಡ್ಲಿ ಹೀರಿದ ಮೇಲೆ ಅದನ್ನು ತೆಗೆಯಲಾಗದು.

ಸಂಜೆ ಬಸ್ ನಿಲ್ದಾಣದ ಬಳಿ ಸಿಗುವ ಎರಡು ಆಲೂಬೋಂಡಾ ಮುನ್ನೂರು ಕ್ಯಾಲೊರಿ ದಾಟುವುದು ಸಾಮಾನ್ಯ, ಮಧ್ಯಾಹ್ನ ಉಳಿಸಿದ್ದರ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಬಾಣಲೆ ಸರಿಯಾಗಿ ಕಾಯದಿದ್ದರೆ ಬೋಂಡಾ ಇನ್ನಷ್ಟು ಎಣ್ಣೆ ಕುಡಿಯುತ್ತದೆ, ಕಾಗದದಲ್ಲಿಟ್ಟ ಕೂಡಲೇ ಅದು ಒದ್ದೆಯಾಗುವುದೇ ಗುರುತು. ಬದಲಿಗೆ ಚುರುಮುರಿಯನ್ನು ಎಣ್ಣೆ, ಖಾರಾಸೇವೆ ಕಡಿಮೆ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ಹೆಚ್ಚು ಎಂದು ಕಲಸಿಸಿಕೊಂಡರೆ 150ರಿಂದ 200ರೊಳಗೆ ಮುಗಿಯುತ್ತದೆ. ಕಡಲೆಕಾಳಿನ ಉಸಲಿ ಸಿಕ್ಕರೆ ಅದು ಎಲ್ಲಕ್ಕಿಂತ ಮೇಲು. ಬೇಯಿಸಿದ ಕಡಲೆಕಾಯಿ ಆರೋಗ್ಯಕರವೆಂದು ಪೊಟ್ಟಣಗಟ್ಟಲೆ ತಿನ್ನುವವರು ಮಾತ್ರ ಎಚ್ಚರವಹಿಸಬೇಕು, ಅದೂ ಎಣ್ಣೆಕಾಳೇ. ಸುಲಿದ ಬೀಜ ಒಂದು ಹಿಡಿ ಸಾಕು.

ಚಹಾವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಲು ಸಕ್ಕರೆಯ ಒಂದು ಲೋಟಕ್ಕೆ 60 ಎಂದರೂ ಪಾಳಿಯೊಂದರಲ್ಲಿ ನಾಲ್ಕು ಲೋಟವಾದರೆ 240. ಅಂಗಡಿಯ ಚಹಾದಲ್ಲಿ ಸಕ್ಕರೆಯನ್ನು ಮೊದಲೇ ಹಾಕಿ ಕುದಿಸಿರುತ್ತಾರೆ, ಫಿಲ್ಟರ್ ಕಾಫಿಯನ್ನಾದರೆ ಸಕ್ಕರೆ ಬೇಡವೆಂದು ಕೇಳಿ ಪಡೆಯಬಹುದು. ಬೈಟು ಹೇಳಿದರೆ ಅದೂ ಅರ್ಧಕ್ಕಿಳಿಯುತ್ತದೆ.

ಈ ಅಂಕಿಗಳೆಲ್ಲ ಅಂದಾಜುಗಳು, ಹೋಟೆಲಿನಿಂದ ಹೋಟೆಲಿಗೆ ಕಾಲುಭಾಗದಷ್ಟು ಹೆಚ್ಚುಕಡಿಮೆಯಾಗುವುದು ಸಹಜ, ಆದ್ದರಿಂದ ಲೆಕ್ಕ ಸರಿಯೇ ಎಂಬುದನ್ನು ತಕ್ಕಡಿ ಹೇಳಬೇಕು. ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ, ನಾಲ್ಕು ವಾರದ ನಂತರವೂ ಮುಳ್ಳು ಅಲ್ಲೇ ಇದ್ದರೆ, ಅನ್ನದ ಎರಡನೇ ಸೌಟನ್ನೋ ಚಹಾವನ್ನೋ ಮತ್ತೆ ಪರಿಶೀಲಿಸಬೇಕು. ಬಿರಿಯಾನಿ, ಉಪ್ಪಿನಕಾಯಿ ತಿಂದ ಮರುದಿನ ಒಂದು ಕಿಲೋ ಏರಿದರೆ ಹೆದರಬೇಕಿಲ್ಲ. ಅದು ಉಪ್ಪು ಹಿಡಿದಿಟ್ಟ ನೀರು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಈ ಲೆಕ್ಕಕ್ಕೆ ಇಳಿಯಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ಬಡಿಸುವ ಸೌಟು ಕ್ಯಾಂಟೀನ್ ನಡೆಸುವವರ ಕೈಯಲ್ಲಿರುವುದರಿಂದ ಅವರಲ್ಲೂ ಒಂದು ಕೋರಿಕೆ ಉಂಟು: ಸಕ್ಕರೆ ಹಾಕದ ಚಹಾದ ಒಂದು ಪಾತ್ರೆಯನ್ನು ಬೇರೆ ಇಡಲಿ, ಸಂಜೆಯ ಬೋಂಡಾ ಪಕ್ಕದಲ್ಲಿ ಉಸಲಿಯೂ ಇರಲಿ, ಅನ್ನ ಅರ್ಧ ಸಾಕೆಂದವರಿಗೆ ಅರ್ಧವನ್ನೇ ಬಡಿಸಲಿ.