ಮೊತ್ತ ಸೊನ್ನೆ ಬಂದ ಮಾತ್ರಕ್ಕೆ ಲೆಕ್ಕ ಸರಿಯಲ್ಲ

ತಪ್ಪು ಕಲ್ಪನೆ: ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿದಾಗ ಸೊನ್ನೆ ಬಂದರೆ, ಲೆಕ್ಕ ಸರಿ.

ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನ ಹೋಂವರ್ಕ್ ತಿದ್ದುವವರಿಗೆ ಈ ನಂಬಿಕೆಯಷ್ಟು ತಲೆನೋವು ಬೇರೆ ಇಲ್ಲ. ಕೆ.ಆರ್. ಪೇಟೆಯ ಹುಡುಗರಿರಲಿ, ನಾಗಮಂಗಲದವರಿರಲಿ, ‘ಚೆಕ್ ಮಾಡಿದ್ದೀನಿ ಸಾರ್, ಸೊನ್ನೆ ಬಂತು’ ಎನ್ನುತ್ತಾರೆ. ಸೊನ್ನೆ ಬಂದೇ ಬರುತ್ತದೆ. ಚಿತ್ರ ತಪ್ಪಿದ್ದರೂ ಬರುತ್ತದೆ. ಅದು ಹೇಗೆಂದು ಒಂದು ಲೆಕ್ಕದಲ್ಲೇ ನೋಡೋಣ.

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಎಲ್ಲರೂ ಕಂಡಿರುವ ಕಬ್ಬಿನ ಎತ್ತಿನಗಾಡಿಯನ್ನು ತೆಗೆದುಕೊಳ್ಳಿ. ಗಾಡಿ ಸಮನೆಲದ ಮೇಲೆ ನಿಂತಿದೆ. ಗಾಡಿ ಮತ್ತು ಕಬ್ಬು ಸೇರಿ ತೂಕ 12 ಕಿಲೋನ್ಯೂಟನ್, ಅಂದರೆ ಸುಮಾರು 1,200 ಕಿಲೋ. ಈ ತೂಕದ ಕೇಂದ್ರ ಅಚ್ಚಿನಿಂದ 0.2 ಮೀಟರ್ ಮುಂದಿದೆ. ನೊಗ ಅಚ್ಚಿನಿಂದ 3 ಮೀಟರ್ ಮುಂದಿದೆ. ಅಚ್ಚಿನಿಂದ 1.2 ಮೀಟರ್ ಮುಂದೆ, ಗಾಡಿಯ ಮೇಲೆಯೇ, 0.6 ಕಿಲೋನ್ಯೂಟನ್ ತೂಕದ ಆಳೊಬ್ಬ ನಿಂತಿದ್ದಾನೆ. ತನ್ನ ಕಾಲಬುಡದಲ್ಲಿ ಗಾಡಿಗೆ ಕಟ್ಟಿರುವ ಹಗ್ಗವನ್ನು ಅವನು 0.3 ಕಿಲೋನ್ಯೂಟನ್ ಬಲದಿಂದ ನೇರ ಮೇಲಕ್ಕೆ ಜಗ್ಗುತ್ತಿದ್ದಾನೆ. ನೆಲ ಚಕ್ರಗಳನ್ನು ಎತ್ತಿಹಿಡಿಯುವ ಬಲ R ಎಷ್ಟು, ನೊಗದ ಹತ್ತಿರ ಎತ್ತುಗಳು ಕೊಡುವ ಬಲ Y ಎಷ್ಟು?

ಹತ್ತು ಪುಸ್ತಕ ತೆರೆದರೆ ನಾಲ್ಕೈದರಲ್ಲಾದರೂ ಕಾಣುವ ಉತ್ತರ ಹೀಗಿರುತ್ತದೆ. ಗಾಡಿ ಮತ್ತು ಆಳು ಸೇರಿದ ಫ್ರೀ ಬಾಡಿ ಡಯಾಗ್ರಾಂ. ಅದರಲ್ಲಿ ಕೆಳಮುಖವಾಗಿ 12 ಮತ್ತು 0.6, ಮೇಲ್ಮುಖವಾಗಿ R, Y. ಜೊತೆಗೆ ‘ಹಗ್ಗ ಮೇಲಕ್ಕೆ ಎಳೆಯುತ್ತಿದೆಯಲ್ಲ’ ಎಂದು ಮೇಲ್ಮುಖವಾಗಿ 0.3. ಆಮೇಲೆ ಸಮೀಕರಣ:

R + Y + 0.3 = 12 + 0.6

ಅಚ್ಚಿನ ಸುತ್ತ ಮೊಮೆಂಟ್: 3Y + 0.3 × 1.2 = 12 × 0.2 + 0.6 × 1.2

ಬಿಡಿಸಿದರೆ Y = 0.92, R = 11.38. ಈಗ ‘ಚೆಕ್’. ನೊಗದ ಸುತ್ತ ಮೊಮೆಂಟ್ ತೆಗೆದುಕೊಂಡರೆ ಎಡಕ್ಕೆ 3 × 11.38 + 0.3 × 1.8, ಬಲಕ್ಕೆ 12 × 2.8 + 0.6 × 1.8. ಎರಡೂ ಕಡೆ 34.68. ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ಆದರೆ ಉತ್ತರ ತಪ್ಪು. ನೆಲ ಮತ್ತು ಎತ್ತುಗಳು ಸೇರಿ ಹೊತ್ತಿರುವುದು 12.3 ಎಂದು ಈ ಉತ್ತರ ಹೇಳುತ್ತಿದೆ. ಇರುವ ತೂಕ 12.6. ಉಳಿದ 0.3 ಕಿಲೋನ್ಯೂಟನ್ ಯಾರ ಮೇಲೂ ಕೂತಿಲ್ಲ. ಅಂದರೆ ಆಳು ತಾನು ನಿಂತ ಗಾಡಿಯನ್ನೇ ಜಗ್ಗಿ ಅದರ ಭಾರ ಇಳಿಸಿದ ಹಾಗಾಯಿತು. ಹಗ್ಗದ ಒಂದು ತುದಿ ಗಾಡಿಯಲ್ಲಿದೆ, ಇನ್ನೊಂದು ಅವನ ಕೈಯಲ್ಲಿದೆ, ಅವನು ಗಾಡಿಯ ಮೇಲಿದ್ದಾನೆ. ಇಬ್ಬರನ್ನೂ ಸೇರಿಸಿ ಗೆರೆ ಹಾಕಿದ ಮೇಲೆ ಹಗ್ಗದ ಎಳೆತ ಗೆರೆಯೊಳಗಿನ ವ್ಯವಹಾರ. ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ತೆಗೆದರೆ 3Y = 2.4 + 0.72, Y = 1.04, R = 11.56, ಒಟ್ಟು 12.6.

ನೊಗದ ಸುತ್ತಲಿನ ಮೊಮೆಂಟ್ ಈ ತಪ್ಪನ್ನು ಯಾಕೆ ಹಿಡಿಯಲಿಲ್ಲ? ಅದು ಹೊಸ ಸಾಕ್ಷಿಯೇ ಅಲ್ಲ. ಅಚ್ಚಿನ ಸುತ್ತಲಿನ ಸಮೀಕರಣವನ್ನೂ ಮೇಲೆ ಕೆಳಗಿನ ಬಲಗಳ ಸಮೀಕರಣದ ಮೂರು ಪಟ್ಟನ್ನೂ ಒಂದರಿಂದೊಂದು ಕಳೆದರೆ ಸಿಗುವುದೇ ನೊಗದ ಸಮೀಕರಣ. ಮೊದಲೆರಡು ಹೊಂದಿದ ಮೇಲೆ ಮೂರನೆಯದು ಹೊಂದದೆ ವಿಧಿಯಿಲ್ಲ. ಕೂಡುವಾಗ, ಗುಣಿಸುವಾಗ ಕೈತಪ್ಪಾಗಿದ್ದರೆ ಅದು ಹಿಡಿಯುತ್ತದೆ, ಆ ಮಟ್ಟಿಗೆ ಉಪಯೋಗ. ಒಂದು ಬಾಣ ಹೆಚ್ಚಿದ್ದರೆ, ಬಿಟ್ಟುಹೋಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಅದೂ ಅದೇ ತಪ್ಪು ಚಿತ್ರದಿಂದ ಹುಟ್ಟಿದ್ದು.

ಚಿತ್ರವನ್ನು ಪರೀಕ್ಷಿಸಬೇಕಾದರೆ ಎರಡು ಕೆಲಸ ಮಾಡಬೇಕು. ಮೊದಲನೆಯದು, ಪ್ರತಿ ಬಾಣದ ಪಕ್ಕ ಆ ಬಲ ಕೊಡುವವರ ಹೆಸರು ಬರೆಯುವುದು: ಭೂಮಿ, ನೆಲ, ಎತ್ತು. ಹೆಸರು ಬರೆಯಲಾಗದ ಬಾಣವನ್ನೂ, ಗೆರೆಯೊಳಗಿನವರ ಹೆಸರು ಬಂದ ಬಾಣವನ್ನೂ ಅಳಿಸಬೇಕು. ಎರಡನೆಯದು, ಬೇರೆ ಕಡೆ ಕತ್ತರಿಸಿ ನೋಡುವುದು. ಆಳನ್ನು ಹೊರಗಿಟ್ಟು ಗಾಡಿಯನ್ನಷ್ಟೇ ಬರೆಯಿರಿ. ಈಗ ಹಗ್ಗದ 0.3 ಮೇಲ್ಮುಖವಾಗಿ ನಿಜಕ್ಕೂ ಬರುತ್ತದೆ. ಆದರೆ ಹಗ್ಗ ಜಗ್ಗುವವನ ಪಾದ ಗಾಡಿಯನ್ನು ಒತ್ತುವುದು 0.6 ಅಲ್ಲ, 0.9. ಎರಡೂ ಒಂದೇ ಜಾಗದಲ್ಲಿರುವುದರಿಂದ ಉಳಿಯುವುದು ಕೆಳಮುಖ 0.6. ಉತ್ತರ ಮತ್ತೆ 1.04 ಮತ್ತು 11.56. ಎರಡು ಬೇರೆ ಚಿತ್ರಗಳು ಒಂದೇ ಉತ್ತರ ಕೊಟ್ಟರೆ ಅದನ್ನು ಚೆಕ್ ಎನ್ನಬಹುದು. ಆಳು ಗಾಡಿಯಿಂದಿಳಿದು ನೆಲದ ಮೇಲೆ ನಿಂತು ಮೇಲಕ್ಕೆತ್ತಿದರೆ ಮಾತ್ರ 0.3 ಹೊರಗಿನ ಬಲ, ಆಗ ಅವನ 0.6 ಚಿತ್ರದಲ್ಲಿ ಇರುವುದಿಲ್ಲ.

ತಪ್ಪು ಕಲ್ಪನೆ: ಉತ್ತರದಲ್ಲಿ ಮೈನಸ್ ಬಂದರೆ ಲೆಕ್ಕ ಕೆಟ್ಟಿದೆ.

ಆಳಿಲ್ಲದ ಅದೇ ಗಾಡಿಗೆ ಕಬ್ಬನ್ನು ಹಿಂದಕ್ಕೆ ಹೇರಿ, ತೂಕದ ಕೇಂದ್ರ ಅಚ್ಚಿನಿಂದ 0.2 ಮೀಟರ್ ಹಿಂದೆ ಹೋಯಿತು ಎನ್ನಿ. Y = −0.8 ಬರುತ್ತದೆ. ಕೆಲವರು ಗಾಬರಿಯಾಗಿ ಆ ಮೈನಸ್ಸನ್ನು ಅಳಿಸಿಬಿಡುತ್ತಾರೆ, ಅಳಿಸಿದರೆ ಲೆಕ್ಕದ ಅರ್ಥವೇ ಹೋಯಿತು. ಗಾಡಿ ಹಿಂಭಾರವಾಗಿದೆ, ನೊಗವನ್ನು ಯಾರಾದರೂ ಸುಮಾರು 80 ಕಿಲೋ ಭಾರದಷ್ಟು ಬಲದಿಂದ ಕೆಳಕ್ಕೆ ಹಿಡಿಯಬೇಕು ಎಂದು ಅದು ಹೇಳುತ್ತಿದೆ. ಎತ್ತಿನ ಹೆಗಲು ನೊಗವನ್ನು ಮೇಲಕ್ಕೆ ಒತ್ತಬಲ್ಲದು, ಕೆಳಕ್ಕೆ ಎಳೆಯಲಾರದು. ಕೊರಳಿಗೆ ಕಟ್ಟಿದ ಪಟ್ಟಿ ಇದ್ದರೆ ಅದು ಎತ್ತಿನ ಗಂಟಲನ್ನು ಒತ್ತುತ್ತದೆ, ಇಲ್ಲದಿದ್ದರೆ ಮೂಕಿ ಮೇಲೇಳುತ್ತದೆ. ಸಮೀಕರಣಕ್ಕೆ ಎರಡೂ ಒಂದೇ. ಆ ಬಲವನ್ನು ಕೊಡಲು ಅಲ್ಲಿ ಏನಾದರೂ ಇದೆಯೇ ಎಂದು ನಾವೇ ನೋಡಬೇಕು.

ಇನ್ನೆರಡು, ಚುಟುಕಾಗಿ. ಘರ್ಷಣೆ ಯಾವಾಗಲೂ μN ಅಲ್ಲ. μN ಎಂಬುದು ಜಾರುವ ಅಂಚಿನ ಗರಿಷ್ಠ ಬೆಲೆ, ಅದಕ್ಕೂ ಮೊದಲು ಘರ್ಷಣೆ ಎಷ್ಟೆಂಬುದು ಸಮತೋಲನದಿಂದಲೇ ಬರಬೇಕು. ನಾರ್ಮಲ್ ರಿಯಾಕ್ಷನ್ ಯಾವಾಗಲೂ ತೂಕಕ್ಕೆ ಸಮವೂ ಅಲ್ಲ, ಮೇಲಿನ ಆಳಿನ ಪಾದವೇ ಸಾಕ್ಷಿ.

ಇದು ಹತ್ತು ಅಂಕದ ಹೋಂವರ್ಕ್ ವಿಷಯ ಎಂದುಕೊಳ್ಳುವವರು ಕನ್ನಂಬಾಡಿ ಕಟ್ಟೆಯ ಮುಂದೆ ನಿಂತು ಯೋಚಿಸಲಿ. ತನ್ನ ತೂಕದಿಂದಲೇ ನಿಲ್ಲುವ ಇಂಥ ಕಟ್ಟೆಯ ಚಿತ್ರದಲ್ಲಿ ತೂಕ, ನೀರಿನ ಒತ್ತಡ, ತಳಪಾಯದ ರಿಯಾಕ್ಷನ್ ಮೂರನ್ನೇ ಬರೆದರೂ ಸಮೀಕರಣ ಅಚ್ಚುಕಟ್ಟಾಗಿ ಹೊಂದುತ್ತದೆ. ಬುಡದಲ್ಲಿ ಜಿನುಗಿ ಹೋದ ನೀರು ಕಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುವುದು ಮಾತ್ರ ಬಿಟ್ಟುಹೋಗಿರುತ್ತದೆ. ಫ್ರಾನ್ಸಿನ ಬೂಜೆ ಅಣೆಕಟ್ಟನ್ನು ಈ ಬಲ ಲೆಕ್ಕಕ್ಕೆ ಹಿಡಿಯದೆ ಕಟ್ಟಿದ್ದರು. 1895ರಲ್ಲಿ ಅದು ಒಡೆದು 80ಕ್ಕೂ ಹೆಚ್ಚು ಜನ ಸತ್ತರು.

ಹೊಂದಿದ್ದೆಲ್ಲ ನಿಜ ಎಂದು ನಂಬುವ ಅಭ್ಯಾಸ ಗೈಡಿನ ಕೊನೆಯ ಪುಟದಿಂದ ಶುರುವಾಗುತ್ತದೆ. ಅಲ್ಲಿನ ಸಂಖ್ಯೆಗೆ ತನ್ನದು ಹೊಂದಿದರೆ ಸರಿ, ಹೊಂದದಿದ್ದರೆ ಹೊಂದುವ ತನಕ ಬಾಣ ತಿರುಗಿಸುವುದು. ಹೀಗೆ ಬಂದ ಸಂಖ್ಯೆ ಸರಿಯಿದ್ದರೂ ಅದಕ್ಕೆ ಅಂಕ ಕೊಡಬಾರದು. ಚಿತ್ರಕ್ಕೆ ಅರ್ಧ ಅಂಕ ಮೀಸಲಿಟ್ಟು, ಬಾಣದ ಪಕ್ಕ ಬಲ ಕೊಡುವವರ ಹೆಸರಿಲ್ಲದ ಚಿತ್ರವನ್ನು ತಿದ್ದದೆ ವಾಪಸ್ ಕೊಡುವುದೇ ಮೇಷ್ಟ್ರುಗಳು ಮಾಡಬೇಕಾದ ಕೆಲಸ.