ಎಡಗಡೆ ಖಾಲಿ ಬಿಟ್ಟ ಪುಟ

ಪಾಠ ಕೇಳುತ್ತ ಪುಟದ ಅಂಚಿನಿಂದ ಅಂಚಿನವರೆಗೆ ಬರೆದು ತುಂಬಿಸುವುದು ಬಹುತೇಕ ವಿದ್ಯಾರ್ಥಿಗಳ ರೂಢಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುವ ಕ್ರಮವನ್ನೇ ಕಲಿಸುತ್ತಿದ್ದ ವಾಲ್ಟರ್ ಪಾಕ್ ಇದಕ್ಕೆ ಬೇರೆಯದೇ ದಾರಿ ಹೇಳಿಕೊಟ್ಟರು. ಪುಟದ ಸುಮಾರು ಮೂರನೇ ಒಂದು ಭಾಗವನ್ನು ಪಾಠದ ಹೊತ್ತಿನಲ್ಲಿ ಮುಟ್ಟಲೇಬಾರದು! 1962ರಲ್ಲಿ ಬಂದ ಅವರ ‘ಹೌ ಟು ಸ್ಟಡಿ ಇನ್ ಕಾಲೇಜ್’ ಪುಸ್ತಕದ ಮೂಲಕ ‘ಕಾರ್ನೆಲ್ ನೋಟ್ಸ್’ ಎಂಬ ಹೆಸರಿನಲ್ಲಿ ಈ ಪದ್ಧತಿ ಎಲ್ಲೆಡೆ ಹಬ್ಬಿತು.

ಇದಕ್ಕೆ ಬೇಕಾದದ್ದು ಒಂದು ಎ4 ಹಾಳೆ, ಒಂದು ಸ್ಕೇಲು. ಎಡ ಅಂಚಿನಿಂದ ಎರಡೂವರೆ ಇಂಚು ಬಿಟ್ಟು ಮೇಲಿನಿಂದ ಕೆಳಕ್ಕೆ ಒಂದು ಗೆರೆ, ತಳದಿಂದ ಎರಡು ಇಂಚು ಮೇಲೆ ಅಡ್ಡಲಾಗಿ ಇನ್ನೊಂದು ಗೆರೆ. ನೋಟ್‌ಬುಕ್ಕಿನಲ್ಲಿ ಅಚ್ಚಾಗಿರುವ ಮಾರ್ಜಿನ್ ಇದಕ್ಕೆ ಸಾಲದು, ಅದರಲ್ಲಿ ಒಂದು ಇಡೀ ಪ್ರಶ್ನೆ ಹಿಡಿಸುವುದಿಲ್ಲ. ಬಲಗಡೆಯ ಅಗಲವಾದ ಜಾಗ ತರಗತಿಯಲ್ಲಿ ಬರೆದುಕೊಳ್ಳಲು, ಎಡಗಡೆಯದು ಆಮೇಲೆ ಪ್ರಶ್ನೆ ಬರೆಯಲು, ತಳದ್ದು ಸಾರಾಂಶಕ್ಕೆ.

ಪಿಯುಸಿ ಜೀವಶಾಸ್ತ್ರದಲ್ಲಿ ಮೂತ್ರಪಿಂಡದ ಪಾಠ ನಡೆಯುತ್ತಿದೆ ಎಂದುಕೊಳ್ಳೋಣ. ಉಪನ್ಯಾಸಕರು ಹತ್ತು ನಿಮಿಷ ವಿವರಿಸಿದ್ದು ಬಲಗಡೆ ಇಷ್ಟಕ್ಕೆ ಇಳಿಯುತ್ತದೆ:

ಗ್ಲೊಮೆರುಲಸ್ – ರಕ್ತ ಸೋಸುವ ಜಾಗ. ದಿನಕ್ಕೆ ಸು. 180 ಲೀ.
ಮೂತ್ರ ಸು. 1.5 ಲೀ. ಮಾತ್ರ. ಉಳಿದದ್ದು ನಾಳದಿಂದ ಮತ್ತೆ ರಕ್ತಕ್ಕೆ.
ಗ್ಲುಕೋಸ್ – ಮೊದಲ ನಾಳಭಾಗದಲ್ಲೇ ವಾಪಸ್. ಮಿತಿ ಇದೆ. ಸಕ್ಕರೆ ಕಾಯಿಲೆ!
ನೀರು ಕಮ್ಮಿ → ಎಡಿಎಚ್ ಜಾಸ್ತಿ → ಮೂತ್ರ ಗಟ್ಟಿ.

ಪೂರ್ಣ ವಾಕ್ಯಗಳಿಲ್ಲ, ಆದರೆ ಕಾರಣವೂ ಅಂಕಿಯೂ ತಪ್ಪಿಹೋಗಿಲ್ಲ. ಎಡಗಡೆ ಇನ್ನೂ ಖಾಲಿ. ಅದನ್ನು ತುಂಬುವುದು ಆ ಸಂಜೆ, ಮೇಷ್ಟ್ರ ವಿವರಣೆ ಕಿವಿಯಲ್ಲಿ ಇನ್ನೂ ಉಳಿದಿರುವಾಗಲೇ. ತಡವಾದರೆ ‘ಮಿತಿ ಇದೆ’ ಎಂದು ತಾನೇ ಬರೆದದ್ದು ಯಾವುದರ ಮಿತಿ ಎಂಬುದು ಬರೆದವರಿಗೇ ಹೊಳೆಯುವುದಿಲ್ಲ.

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ‘ಗ್ಲೊಮೆರುಲಸ್’, ‘ಎಡಿಎಚ್’ ಎಂದು ತಲೆಬರಹಗಳನ್ನಷ್ಟೇ ಎಡಗಡೆ ಬರೆದುಬಿಡುತ್ತಾರೆ. ತಲೆಬರಹ ನೋಡಿದರೆ ‘ಹೌದು, ಇದು ಗೊತ್ತು’ ಅನ್ನಿಸುತ್ತದೆಯೇ ಹೊರತು ಉತ್ತರ ಹೇಳಬೇಕಾದ ಪ್ರಮೇಯ ಬರುವುದಿಲ್ಲ. ‘ರಕ್ತ ಸೋಸುವ ಜಾಗ ಯಾವುದು?’ ಎಂಬ ಪ್ರಶ್ನೆಯೂ ಒಂದೇ ಪದಕ್ಕೆ ಮುಗಿದುಹೋಗುತ್ತದೆ. ‘180 ಲೀಟರ್ ಸೋಸಿದರೂ ಮೂತ್ರ ಒಂದೂವರೆ ಲೀಟರ್ ಮಾತ್ರ ಏಕೆ?’, ‘ಸಕ್ಕರೆ ಕಾಯಿಲೆಯಲ್ಲಿ ಮೂತ್ರಕ್ಕೆ ಗ್ಲುಕೋಸ್ ಬರುವುದು ಹೇಗೆ?’, ‘ಬಿಸಿಲಲ್ಲಿ ನೀರು ಕುಡಿಯದೆ ಅಲೆದರೆ ಮೂತ್ರದ ಬಣ್ಣ ಗಾಢವಾಗುವುದೇಕೆ?’ ಎಂದು ಕೇಳಿಕೊಂಡರೆ ಇಡೀ ಪಾಠದ ಎಳೆಯನ್ನು ಹಿಡಿದೇ ಉತ್ತರಿಸಬೇಕಾಗುತ್ತದೆ. ಇಂಥ ಮೂರು ನಾಲ್ಕು ಪ್ರಶ್ನೆ ಒಂದು ಪುಟಕ್ಕೆ ಸಾಕು.

ಇನ್ನು ಪರೀಕ್ಷೆ. ಬಲಗಡೆಯನ್ನು ಒಂದು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆ ಓದಿ, ಉತ್ತರವನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಅರ್ಧ ಉತ್ತರವೂ ಪೂರ್ತಿ ಬಂದಂತೆ ತೋರುತ್ತದೆ. ಹೇಳಿಯಾದ ಮೇಲೆ ಹಾಳೆ ಸರಿಸಿ ಹೋಲಿಸಬೇಕು. ‘ಸಕ್ಕರೆ ಜಾಸ್ತಿ ಇರುತ್ತದೆ, ಅದಕ್ಕೇ’ ಎಂದಷ್ಟೇ ಹೇಳಿದ್ದರೆ ಅದು ತಪ್ಪೆಂದೇ ಲೆಕ್ಕ. ನಾಳ ಹೀರಿಕೊಳ್ಳಬಲ್ಲ ಮಿತಿಯನ್ನು ಗ್ಲುಕೋಸ್ ದಾಟುತ್ತದೆ ಎಂಬ ಕಾರಣ ಅಲ್ಲಿ ಬಿಟ್ಟುಹೋಗಿದೆ. ಆ ಪ್ರಶ್ನೆಯ ಪಕ್ಕ ಒಂದು ಚುಕ್ಕೆ ಇಟ್ಟರೆ ಮುಂದಿನ ಸಲ ಅಲ್ಲಿಂದಲೇ ಆರಂಭಿಸಬಹುದು.

ಸುಮ್ಮನೆ ಮತ್ತೆ ಓದಿಕೊಂಡರೆ ಸಾಲದೇ? ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉತ್ತರವಿದೆ. ಒಂದು ಪಠ್ಯವನ್ನು ಕೆಲವರು ಎರಡು ಸಲ ಓದಿದರು, ಕೆಲವರು ಒಮ್ಮೆ ಓದಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗುಮುರುಗಾಯಿತು: ಓದಿದವರಿಗೆ ಶೇ. 42ರಷ್ಟು, ನೆನಪಿನಿಂದ ಬರೆದವರಿಗೆ ಶೇ. 56ರಷ್ಟು ಉಳಿದಿತ್ತು. ಹಿಂದಿನ ರಾತ್ರಿಯ ಓದು ನಂಬಿಕೆ ಹುಟ್ಟಿಸುವುದೂ ಕೈಕೊಡುವುದೂ ಇದೇ ಕಾರಣಕ್ಕೆ. ಒಮ್ಮೆ ಸರಿಯುತ್ತರ ಬಂದ ಪ್ರಶ್ನೆಯನ್ನು ಅಲ್ಲಿಗೇ ಕೈಬಿಡುವುದೂ ಸರಿಯಲ್ಲ. ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಅದನ್ನೇ ಮತ್ತೆ ಕೇಳಿಕೊಳ್ಳಬೇಕು.

ಎಲ್ಲ ಪಾಠಕ್ಕೂ ಈ ಪುಟ ಹೊಂದುವುದಿಲ್ಲ. ಪದಪದವನ್ನೂ ಡಿಕ್ಟೇಟ್ ಮಾಡುವ ತರಗತಿಯಲ್ಲಿ ಕಿರಿದಾದ ಬಲಗಡೆ ಬೇಗ ತುಂಬಿಹೋಗುತ್ತದೆ. ಅಲ್ಲಿ ಎಂದಿನಂತೆ ಬರೆದುಕೊಂಡು, ಎದುರಿನ ಪುಟವನ್ನು ಪ್ರಶ್ನೆಗಳಿಗೆ ಬಿಡುವುದು ವಾಸಿ. ಗಣಿತದಲ್ಲಿ ಬಲಗಡೆ ಲೆಕ್ಕದ ಹಂತಗಳಿದ್ದರೆ ಎಡಗಡೆ ‘ಇಲ್ಲಿ ಎರಡೂ ಕಡೆ ವರ್ಗ ಮಾಡಿದ್ದೇಕೆ?’ ಎಂದು ಬರೆಯಬಹುದು. ಆದರೆ ಅದು ಹೊಸ ಲೆಕ್ಕ ಬಿಡಿಸುವ ಅಭ್ಯಾಸಕ್ಕೆ ಬದಲಿಯಲ್ಲ.

ತಳದ ಎರಡು ಇಂಚನ್ನು ಕೊನೆಗೆ, ಮೇಲಿನದನ್ನು ನೋಡದೆ ತುಂಬಬೇಕು: ‘ಮೂತ್ರಪಿಂಡ ಮೊದಲು ಬಹಳಷ್ಟು ಸೋಸುತ್ತದೆ, ಆಮೇಲೆ ದೇಹಕ್ಕೆ ಬೇಕಾದದ್ದನ್ನು ವಾಪಸ್ ಪಡೆಯುತ್ತದೆ. ಎಷ್ಟು ನೀರು ಉಳಿಸಬೇಕೆಂಬುದನ್ನು ಎಡಿಎಚ್ ಹೊಂದಿಸುತ್ತದೆ.’ ಈ ಎರಡು ವಾಕ್ಯ ಬರೆಯಲು ಪೆನ್ನು ತಡವರಿಸಿದರೆ, ಮರುದಿನ ಉಪನ್ಯಾಸಕರನ್ನು ಕೇಳಬೇಕಾದ ಪ್ರಶ್ನೆ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.