ಹೆರಿಗೆಗೆ ಹೊರಡುವ ಮುನ್ನ: ತಾಯಿಗೊಂದು, ಮಗುವಿಗೊಂದು, ಜೊತೆಗಿರುವವರಿಗೊಂದು ಚೀಲ

ವೈದ್ಯರು ಬರೆದುಕೊಡುವ ಹೆರಿಗೆಯ ದಿನಾಂಕವು ಒಂದು ಅಂದಾಜು ಮಾತ್ರ. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರಗಳನ್ನು ಎಣಿಸಿ ಅದನ್ನು ಹೇಳಲಾಗುತ್ತದೆ. ನಿಖರವಾಗಿ ಅದೇ ದಿನ ಹುಟ್ಟುವ ಮಕ್ಕಳು ಕಡಿಮೆ. 37 ವಾರಗಳು ತುಂಬಿದ ನಂತರ ಯಾವ ದಿನ ಬೇಕಾದರೂ ನೋವು ಕಾಣಿಸಿಕೊಳ್ಳಬಹುದು. ಆದುದರಿಂದ 36ನೆಯ ವಾರದ ಹೊತ್ತಿಗೆ ಚೀಲ ಸಿದ್ಧವಾಗಿರಬೇಕು. ಅವಳಿ ಮಕ್ಕಳಿದ್ದರೆ, ರಕ್ತದೊತ್ತಡವಿದ್ದರೆ ಅಥವಾ ಹಿಂದಿನ ಹೆರಿಗೆ ಅವಧಿಗೆ ಮುನ್ನವೇ ಆಗಿದ್ದರೆ 32ನೆಯ ವಾರದಲ್ಲಿಯೇ ಕಟ್ಟಿಡುವುದು ಲೇಸು.

ಒಂದೇ ದೊಡ್ಡ ಸೂಟ್‌ಕೇಸಿನಲ್ಲಿ ಎಲ್ಲವನ್ನೂ ತುಂಬುವುದು ನಮ್ಮಲ್ಲಿನ ರೂಢಿ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಮೂವರೂ ಬೇರೆಯಾಗುತ್ತಾರೆ. ತಾಯಿ ಹೆರಿಗೆ ಕೋಣೆಯೊಳಗೆ ಹೋಗುತ್ತಾಳೆ. ಹುಟ್ಟಿದ ಮಗುವನ್ನು ಸುತ್ತಲು ಬಟ್ಟೆ ಕೊಡಿ ಎಂದು ದಾದಿ ಬಾಗಿಲಲ್ಲಿ ಕೇಳುತ್ತಾರೆ. ಜೊತೆಗೆ ಬಂದವರು ಹೊರಗಿನ ಬೆಂಚಿನ ಮೇಲೆ, ಕೆಲವೊಮ್ಮೆ ಇಡೀ ರಾತ್ರಿ, ಕುಳಿತಿರುತ್ತಾರೆ. ಆ ಹೊತ್ತಿನಲ್ಲಿ ಸೀರೆಗಳ ಅಡಿಯಲ್ಲಿ ಮಗುವಿನ ಟೋಪಿಯನ್ನು ಹುಡುಕುವಂತಾಗಬಾರದು. ಮೂರು ಚೀಲಗಳ ಅಗತ್ಯವಿರುವುದು ಇದಕ್ಕಾಗಿ. ಇವುಗಳ ಜೊತೆಗೆ ಒಂದು ಕಡತ.

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಪದ್ಧತಿಯಿಂದಾಗಿ ಈ ಕಡತವೇ ನಮ್ಮಲ್ಲಿ ಹೆಚ್ಚು ಎಡವಟ್ಟಿಗೆ ಕಾರಣವಾಗುತ್ತದೆ. ಒಂದು ಉದಾಹರಣೆಯನ್ನು ಗಮನಿಸೋಣ. ಗಂಡ ಹೆಂಡತಿ ಬೆಂಗಳೂರಿನಲ್ಲಿದ್ದಾರೆ. ಏಳು ತಿಂಗಳವರೆಗೆ ತಪಾಸಣೆ ಅಲ್ಲಿಯೇ ನಡೆದಿದೆ. ಸೀಮಂತ ಮುಗಿಸಿಕೊಂಡು ಆಕೆ ಶಿವಮೊಗ್ಗದ ತವರಿಗೆ ಬಂದಿದ್ದಾಳೆ. ಸ್ಕ್ಯಾನಿಂಗ್ ವರದಿಗಳು ಬೆಂಗಳೂರಿನ ಮನೆಯ ಕಪಾಟಿನಲ್ಲಿವೆ, ವಿಮೆಯ ಕಾರ್ಡು ಗಂಡನ ಪರ್ಸಿನಲ್ಲಿದೆ. ಆಕೆಯ ರಕ್ತದ ಗುಂಪು ‘ಓ ನೆಗೆಟಿವ್’, ಗಂಡನದು ಪಾಸಿಟಿವ್. ರಾತ್ರಿ ಎರಡು ಗಂಟೆಗೆ ನೋವು ಆರಂಭವಾದರೆ ಗಂಡ ಬೆಂಗಳೂರಿನಿಂದ ಬಂದು ತಲುಪಲು ಐದಾರು ಗಂಟೆ ಬೇಕು.

ನೆಗೆಟಿವ್ ಗುಂಪಿನ ತಾಯಿಗೆ ಪಾಸಿಟಿವ್ ಗುಂಪಿನ ಮಗು ಹುಟ್ಟಿದರೆ, ಮಗುವಿನ ರಕ್ತದ ಕಣಗಳು ತಾಯಿಯ ರಕ್ತಕ್ಕೆ ಸೇರಿ ಅದರ ವಿರುದ್ಧ ಪ್ರತಿಕಾಯಗಳು ಬೆಳೆಯಬಹುದು. ಈ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗದಿದ್ದರೂ ಮುಂದಿನ ಮಗುವಿಗೆ ತೀವ್ರ ರಕ್ತಹೀನತೆ, ಕಾಮಾಲೆ ಉಂಟಾಗಬಹುದು. ಇದನ್ನು ತಡೆಯಲು ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ‘ಆಂಟಿ-ಡಿ’ ಚುಚ್ಚುಮದ್ದು ನೀಡಲಾಗುತ್ತದೆ. ಅದಕ್ಕೆ ಮೊದಲು ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗುಂಪನ್ನು ಪರೀಕ್ಷಿಸುತ್ತಾರೆ. ಗರ್ಭಾವಸ್ಥೆಯ 28ನೆಯ ವಾರದಲ್ಲಿ ಒಮ್ಮೆ ಈ ಚುಚ್ಚುಮದ್ದು ಕೊಡಲಾಗಿತ್ತೇ, ಪ್ರತಿಕಾಯಗಳ ಪರೀಕ್ಷೆ ಮಾಡಿದ್ದಾಗ ಫಲಿತಾಂಶ ಏನಿತ್ತು ಎಂಬುದು ಹೊಸ ವೈದ್ಯರಿಗೆ ತಿಳಿಯಬೇಕಾದರೆ ಕಾಗದವೊಂದೇ ದಾರಿ. ಈ ಚುಚ್ಚುಮದ್ದು ಎಲ್ಲ ಆಸ್ಪತ್ರೆಗಳಲ್ಲಿ, ಎಲ್ಲ ಔಷಧ ಅಂಗಡಿಗಳಲ್ಲಿ ಸದಾ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಡಬೇಕು. ನೆಗೆಟಿವ್ ಗುಂಪಿನ ರಕ್ತದಾನಿಗಳ ಇಬ್ಬರು ಮೂವರ ದೂರವಾಣಿ ಸಂಖ್ಯೆಗಳೂ ಕಡತದಲ್ಲಿರಲಿ.

ಆದ್ದರಿಂದ ಊರು ಬಿಡುವ ಮೊದಲೇ ಬೆಂಗಳೂರಿನ ವೈದ್ಯರಿಂದ ಒಂದು ಪುಟದ ಸಾರಾಂಶವನ್ನು ಬರೆಸಿಕೊಳ್ಳುವುದು ಉತ್ತಮ. ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ಸಕ್ಕರೆ, ಥೈರಾಯ್ಡ್, ಎಚ್ಐವಿ ಮತ್ತು ಹೆಪಟೈಟಿಸ್-ಬಿ ಪರೀಕ್ಷೆಯ ಫಲಿತಾಂಶಗಳು, ಸೇವಿಸುತ್ತಿರುವ ಮಾತ್ರೆಗಳು, ಒಗ್ಗದ ಔಷಧಿಗಳು ಅದರಲ್ಲಿರಬೇಕು. ತಾಯಿ ಕಾರ್ಡು, ಎಲ್ಲ ಸ್ಕ್ಯಾನಿಂಗ್ ವರದಿಗಳು, ಗಂಡ ಹೆಂಡತಿ ಇಬ್ಬರ ಆಧಾರ್ ಪ್ರತಿಗಳು, ವಿಮೆಯ ಕಾರ್ಡಿನ ಪ್ರತಿ ಇವು ಅದರ ಹಿಂದೆ ಇರಲಿ. ವಿಮೆ ಇದ್ದವರು ಶಿವಮೊಗ್ಗದಲ್ಲಿ ತಾವು ಆರಿಸಿಕೊಂಡ ಆಸ್ಪತ್ರೆಯು ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಬೇಕು. ಸರಕಾರಿ ಆಸ್ಪತ್ರೆಯಲ್ಲಿ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ಊಟ ಎಲ್ಲವೂ ಉಚಿತ. ಅಲ್ಲಿಯೂ ತಾಯಿ ಕಾರ್ಡನ್ನೇ ಮೊದಲು ಕೇಳುವುದು.

ಇನ್ನು ತಾಯಿಯ ಚೀಲ. ಮುಂದೆ ಗುಂಡಿಯಿರುವ ನಾಲ್ಕು ಹತ್ತಿಯ ನೈಟಿಗಳು, ಹಾಲೂಡಿಸಲು ಅನುಕೂಲವಾದ ಒಳ ಉಡುಪು, ಜಾರದ ರಬ್ಬರ್ ಚಪ್ಪಲಿ, ಟವೆಲು, ಹಲ್ಲುಜ್ಜುವ ಸಾಮಾನು, ಬಾಚಣಿಗೆ ಇಷ್ಟು ಸಾಕು. ಚಡ್ಡಿಗಳು ಸೊಂಟದ ಮೇಲಿನವರೆಗೆ ಬರುವ ಸಡಿಲ ಬಗೆಯವಾಗಿರಲಿ. ಸಿಸೇರಿಯನ್ ಆದರೆ ಕಿಬ್ಬೊಟ್ಟೆಯ ಹೊಲಿಗೆಯ ಮೇಲೆಯೇ ಎಲಾಸ್ಟಿಕ್ ಕೂರುವಂತಹವು ಉಪಯೋಗಕ್ಕೆ ಬರುವುದಿಲ್ಲ.

ಸಹಜ ಹೆರಿಗೆಯಾಗಲಿ, ಸಿಸೇರಿಯನ್ ಆಗಲಿ, ರಕ್ತಸ್ರಾವ ಇದ್ದೇ ಇರುತ್ತದೆ. ಮೊದಲ ಕೆಲವು ದಿನ ಹೆಚ್ಚಾಗಿದ್ದು, ನಾಲ್ಕರಿಂದ ಆರು ವಾರಗಳಲ್ಲಿ ಕ್ರಮೇಣ ನಿಲ್ಲುತ್ತದೆ. ಮುಟ್ಟಿನ ದಿನಗಳ ತೆಳು ಪ್ಯಾಡುಗಳು ಇದಕ್ಕೆ ಸಾಲವು. ಬಾಣಂತಿಯರಿಗೆಂದೇ ಸಿಗುವ ಉದ್ದನೆಯ, ದಪ್ಪ ಪ್ಯಾಡುಗಳ ಎರಡು ಪೊಟ್ಟಣಗಳಿರಲಿ. ಹಳೆಯ ಬಟ್ಟೆಯ ಬದಲು ಪ್ಯಾಡು ಬಳಸುವುದರಿಂದ ಇನ್ನೊಂದು ಅನುಕೂಲವುಂಟು: ಎಷ್ಟು ರಕ್ತ ಹೋಗುತ್ತಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಒಂದು ಗಂಟೆಯೊಳಗೆ ಒಂದು ಪ್ಯಾಡು ಪೂರ್ತಿ ತೊಯ್ದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ತಲೆಸುತ್ತು ಬಂದರೆ ಸಂಕೋಚಪಡದೆ ತಕ್ಷಣ ದಾದಿಯನ್ನು ಕರೆಯಬೇಕು. ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಸುಮ್ಮನಿರಿಸುವುದು ಅಪಾಯಕಾರಿ.

ಒಡವೆ ಮನೆಯಲ್ಲಿಯೇ ಉಳಿಯಲಿ. ಹೆರಿಗೆಯ ಹೊತ್ತಿಗೆ ಕೈಬೆರಳುಗಳು ಊದಿಕೊಂಡು ಉಂಗುರ ಸಿಕ್ಕಿಹಾಕಿಕೊಳ್ಳುವುದುಂಟು. ಸೀಮಂತದ ಹಸಿರು ಗಾಜಿನ ಬಳೆಗಳು ಕೈಗೆ ಸೂಜಿ ಹಾಕುವಾಗ ಅಡ್ಡಬರುತ್ತವೆ, ಒಡೆದರೆ ಗಾಯವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹ ಇರಕೂಡದು. ತಾಳಿಯನ್ನು ತೆಗೆಯಲು ಹಿರಿಯರು ಒಪ್ಪದಿದ್ದರೆ ಅರಿಶಿನ ದಾರವನ್ನು ಮಾತ್ರ ಉಳಿಸಿಕೊಂಡು ಚಿನ್ನವನ್ನು ಎತ್ತಿಡುವ ಪರಿಹಾರವನ್ನು ಅನೇಕ ಮನೆಗಳು ಕಂಡುಕೊಂಡಿವೆ. ಈ ಮಾತುಕತೆ ಎಂಟನೆಯ ತಿಂಗಳಿನಲ್ಲಿಯೇ ಆಗಿಬಿಡಲಿ. ಉಗುರಿನ ಬಣ್ಣವನ್ನೂ ಅಳಿಸಿಕೊಂಡು ಹೋಗಬೇಕು. ಬೆರಳ ತುದಿಗೆ ಹಾಕುವ ಆಮ್ಲಜನಕ ಮಾಪಕವು ಅದರಿಂದ ತಪ್ಪು ತೋರಿಸಬಹುದು.

ಮಗುವಿನ ಚೀಲ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಗಳು ಏಳೆಂಟು, ದಾರ ಕಟ್ಟುವ ಜುಬ್ಬಗಳು ಐದಾರು, ಲಂಗೋಟಿಗಳು ಹದಿನೈದು, ಟೋಪಿ ಮೂರು, ಕಾಲುಚೀಲ ಎರಡು ಮೂರು ಜೊತೆ, ಒಂದು ಹೊದಿಕೆ. ಇವುಗಳಲ್ಲಿ ಎರಡು ಬಟ್ಟೆ ಮತ್ತು ಒಂದು ಟೋಪಿಯನ್ನು ಪ್ರತ್ಯೇಕ ಪೊಟ್ಟಣ ಮಾಡಿ ಎಲ್ಲಕ್ಕಿಂತ ಮೇಲಿಡಬೇಕು. ಹೆರಿಗೆ ಕೋಣೆಯ ಬಾಗಿಲಲ್ಲಿ ಕೇಳುವುದು ಅದನ್ನೇ. ಒಂದರಲ್ಲಿ ಮಗುವಿನ ಮೈಯನ್ನು ಒರೆಸುತ್ತಾರೆ, ಆ ತೇವದ ಬಟ್ಟೆಯನ್ನು ತೆಗೆದುಹಾಕಿ ಇನ್ನೊಂದರಿಂದ ಮುಚ್ಚುತ್ತಾರೆ. ನವಜಾತ ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಶಾಖ ಬೇಗ ಹೊರಹೋಗುತ್ತದೆ. ಟೋಪಿಯ ಪ್ರಯೋಜನ ಇದೇ. ಕನಿಷ್ಠ 24 ಗಂಟೆಗಳ ಕಾಲ ಮಗುವಿಗೆ ಸ್ನಾನ ಮಾಡಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ ಸೋಪು, ಎಣ್ಣೆಗಳನ್ನು ಹೊತ್ತೊಯ್ಯುವ ಅಗತ್ಯವೂ ಇಲ್ಲ.

ಹಿರಿಯರು ಪ್ರೀತಿಯಿಂದ ಸೇರಿಸುವ ಕೆಲವು ವಸ್ತುಗಳನ್ನು ಮಾತ್ರ ಮೃದುವಾಗಿಯೇ ಹೊರಗೆ ತೆಗೆಯಬೇಕಾಗುತ್ತದೆ. ಜೇನುತುಪ್ಪವನ್ನು ಮಗುವಿನ ನಾಲಿಗೆಗೆ ನೆಕ್ಕಿಸುವುದು ಅವುಗಳಲ್ಲಿ ಮೊದಲನೆಯದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿತ್ರಾಣಗೊಳಿಸಬಲ್ಲವು. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಪೌಡರಿನ ಧೂಳು ಉಸಿರಿನೊಡನೆ ಒಳಹೋಗುತ್ತದೆ. ಕಾಡಿಗೆ, ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ. ಹಾಲಿನ ಪುಡಿ ಮತ್ತು ಬಾಟಲಿಯನ್ನೂ ‘ಇರಲಿ ಎಂದು’ ಒಯ್ಯುವ ಅಭ್ಯಾಸ ನಗರಗಳಲ್ಲಿ ಕಾಣುತ್ತದೆ. ಕೈಗೆ ಸಿಗುವಂತಿದ್ದರೆ ಮೊದಲ ರಾತ್ರಿಯ ಅಳುವಿಗೇ ಅದು ಹೊರಬರುತ್ತದೆ. ಮೊದಲ ದಿನಗಳ ದಪ್ಪನೆಯ ಹಳದಿ ಹಾಲು ಕೆಲವು ಹನಿಗಳಷ್ಟೇ ಬಂದರೂ ಅಷ್ಟೇ ಚಿಕ್ಕದಾದ ಮಗುವಿನ ಹೊಟ್ಟೆಗೆ ಅದು ಸಾಕು. ಪುಡಿ ನಿಜವಾಗಿ ಬೇಕಾದರೆ ಅದನ್ನು ವೈದ್ಯರೇ ಬರೆದುಕೊಡುತ್ತಾರೆ.

ಜೊತೆಗಿರುವವರ ಚೀಲವನ್ನು ಸಾಮಾನ್ಯವಾಗಿ ಯಾರೂ ಕಟ್ಟುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಮಗಳೊಡನೆ ಹೊರಡುವವರು ಅಮ್ಮ. ಅವರಿಗೆ ಐವತ್ತೈದು ವರ್ಷ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಮೂರು ದಿನ ನಿದ್ದೆಗೆಟ್ಟು, ಮಾತ್ರೆ ಮರೆತು ಅವರೇ ಕುಸಿದರೆ ನೋಡುವವರಾರು? ಅವರ ಚೀಲದಲ್ಲಿ ಮೊಟ್ಟಮೊದಲು ಅವರ ಒಂದು ವಾರದ ಮಾತ್ರೆಗಳಿರಬೇಕು. ನಂತರ ಎರಡು ಜೊತೆ ಬಟ್ಟೆ, ಚಾಪೆ, ಹೊದಿಕೆ, ಫ್ಲಾಸ್ಕು, ತಟ್ಟೆ ಲೋಟ, ಬಿಸ್ಕತ್ತು, ಮೊಬೈಲ್ ಚಾರ್ಜರ್, ಪೆನ್ನು, ಚಿಲ್ಲರೆ ನೋಟುಗಳು. ಮುಖ್ಯ ದೂರವಾಣಿ ಸಂಖ್ಯೆಗಳು ಕಾಗದದ ಮೇಲೂ ಇರಲಿ.

ಒಳಗೆ ಯಾರನ್ನು ಬಿಡುತ್ತಾರೆ ಎಂಬುದನ್ನೂ ಮೊದಲೇ ಕೇಳಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಒಬ್ಬ ಹೆಣ್ಣುಮಗಳು, ಸಾಧ್ಯವಾದರೆ ತಾನೂ ಹೆತ್ತ ಅನುಭವವಿರುವವರು, ಜೊತೆಗಿರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಅನುಮತಿ ನೀಡಿದೆ. ಖಾಸಗಿ ಆಸ್ಪತ್ರೆಗಳ ನಿಯಮ ಒಂದೊಂದು ಕಡೆ ಒಂದೊಂದು ಬಗೆ. ಸಿಸೇರಿಯನ್‌ಗೆ ಸಹಿ ಹಾಕಲು ಗಂಡ ಬರುವವರೆಗೆ ಕಾಯಬೇಕೇ ಎಂಬ ಆತಂಕ ಹಲವರಲ್ಲಿದೆ. ಪ್ರಜ್ಞೆಯಲ್ಲಿರುವ, ಪ್ರಾಪ್ತ ವಯಸ್ಸಿನ ರೋಗಿಯ ಒಪ್ಪಿಗೆಯನ್ನು ಆಕೆಯಿಂದಲೇ ಪಡೆಯಬೇಕು, ಹೆತ್ತ ತಾಯಿಯ ಸಹಿಯೂ ಅದಕ್ಕೆ ಬದಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಗಂಡ ದಾರಿಯಲ್ಲಿದ್ದಾನೆಂಬ ಕಾರಣಕ್ಕೆ ತುರ್ತು ಶಸ್ತ್ರಚಿಕಿತ್ಸೆ ನಿಲ್ಲಬೇಕಾಗಿಲ್ಲ.

ಚೀಲ ಪೂರ್ತಿಯಾಗಿಲ್ಲವೆಂದು ಹೊರಡುವುದನ್ನಂತೂ ತಡಮಾಡಬಾರದು. ನೀರು ಹೋದರೆ ಬಿಳಿಯ ಪ್ಯಾಡೊಂದನ್ನು ಇಟ್ಟು ಬಣ್ಣ ನೋಡಿ, ನೀರು ತಿಳಿಯಾಗಿದ್ದರೂ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ಹಸಿರು ಅಥವಾ ಕಂದು ಬಣ್ಣವಿದ್ದರೆ, ರಕ್ತ ಕಂಡರೆ, ಮಗುವಿನ ಚಲನೆ ಕಡಿಮೆಯಾದರೆ ಒಂದು ಕ್ಷಣವೂ ಕಾಯದೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬಹುದು. ಬಟ್ಟೆಗಳನ್ನು ಆಮೇಲೆ ಯಾರಾದರೂ ತರಬಹುದು, ಕಡತವನ್ನು ಮಾತ್ರ ಬಿಡದಿರಿ.

ಜನನ ನೋಂದಣಿಗೆ ಬೇಕಾದ ಚೀಟಿಯೊಂದು ಈ ಕಡತದ ಕೊನೆಯ ಹಾಳೆಯಾಗಿರಲಿ. ಮಗು ಹುಟ್ಟಿದ ಊರಿನಲ್ಲಿಯೇ, ಅಂದರೆ ಇಲ್ಲಿ ಶಿವಮೊಗ್ಗದಲ್ಲಿ, 21 ದಿನಗಳೊಳಗೆ ನೋಂದಣಿಯಾಗಬೇಕು. ಆಸ್ಪತ್ರೆಯವರು ಕಳುಹಿಸುವ ವಿವರವು ಅಮ್ಮನೋ ಅಣ್ಣನೋ ಗಡಿಬಿಡಿಯಲ್ಲಿ ತುಂಬಿಕೊಟ್ಟದ್ದಾಗಿರುತ್ತದೆ. ಅಳಿಯನ ಹೆಸರಿನ ಇಂಗ್ಲಿಷ್ ಅಕ್ಷರಗಳು ಅಲ್ಲಿ ತಪ್ಪುತ್ತವೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರ. ತಂದೆ ತಾಯಿಯ ಹೆಸರು, ವಿಳಾಸಗಳನ್ನು ಆಧಾರ್‌ನಲ್ಲಿರುವಂತೆಯೇ ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿಯನ್ನು ನೋಡಿಕೊಂಡೇ ಅರ್ಜಿ ತುಂಬಲಿ. ಮಗುವಿನ ಹೆಸರನ್ನು ನಾಮಕರಣವಾದ ಮೇಲೆ ಸೇರಿಸಲು ಅವಕಾಶವಿದೆ.